ಮೇವು ಹಾಕುವವನ ಡೈರಿ

ಗೇಮ್ ಮಧ್ಯದಲ್ಲಿ ಬಿಳಿ ಕೋಟಿನ ವಿಜ್ಞಾನಿಯೊಬ್ಬ ಬಂದು ಐದು ನಿಮಿಷ ಹಿಂದಿನ ಕತೆ ಹೇಳೋಕೆ ಶುರು ಮಾಡಿದ್ರೆ ನಾನಂತೂ ಸ್ಕಿಪ್ ಒತ್ತುತ್ತೇನೆ. ಅದೇ ಕತೆ ಮೂಲೆಯಲ್ಲಿ ಬಿದ್ದಿರುವ ಡೈರಿಯಲ್ಲಿದ್ದರೆ ನಿಂತು ಓದ್ತೀನಿ. ಯಾಕೆ ಅಂತ ತೋರಿಸೋಕೆ 1996ರ ‘ರೆಸಿಡೆಂಟ್ ಈವಿಲ್’ ಸಾಕು.

ಕಾಡಿನ ನಡುವೆ ಒಂದು ಬಂಗಲೆ. ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದವನ ಕೋಣೆಯಲ್ಲಿ ಡೈರಿ ಸಿಗುತ್ತದೆ. ಮೊದಲ ದಿನ ಗೆಳೆಯರ ಜತೆ ಪೋಕರ್ ಆಟ, ಗೆದ್ದವನು ಮೋಸ ಮಾಡಿದ ಅಂತ ಗೊಣಗಾಟ. ಮರುದಿನ ಚರ್ಮ ಸುಲಿದ ಗೊರಿಲ್ಲಾದಂಥ ಹೊಸ ಪ್ರಾಣಿಯ ಜವಾಬ್ದಾರಿ. ಆಮೇಲೊಂದು ನಸುಕಿನಲ್ಲಿ ಗೆಳೆಯ ಎಬ್ಬಿಸಿ, ಗಗನಯಾತ್ರಿಯ ಥರದ ಸೂಟ್ ಹಾಕಿಸುತ್ತಾನೆ. ಕೆಳಗಿನ ಲ್ಯಾಬಲ್ಲಿ ಏನೋ ಅವಘಡ ಆಗಿದೆಯಂತೆ. ಇವನಿಗೆ ಗೊತ್ತಿರೋದು ಅಷ್ಟೇ. ಸೂಟಿನೊಳಗೆ ತುರಿಕೆ, ಆ ಸಿಟ್ಟಿಗೆ ನಾಯಿಗಳಿಗೆ ಊಟ ಹಾಕೋದಿಲ್ಲ. ಕೆಲವು ದಿನಕ್ಕೆ ನಾಯಿಗೂಡು ನಿಶ್ಶಬ್ದ, ಕೆಲವು ತಪ್ಪಿಸಿಕೊಂಡಿವೆ.

ಇಲ್ಲೇ ಆಟಗಾರನಿಗೆ ಹೊಳೆಯೋದು: ಗೇಮಿನ ಶುರುವಲ್ಲೇ ನಮ್ಮ ತಂಡವನ್ನು ಅಟ್ಟಿಸಿಕೊಂಡು ಬಂದದ್ದು ಇವೇ ನಾಯಿಗಳು! ಅವನಿಗೆ ಅವಘಡದ ಅರ್ಥ ಗೊತ್ತಿಲ್ಲ, ನಮಗೆ ಡೈರಿ ಬರೆದವನು ಗೊತ್ತಿಲ್ಲ. ಎರಡನ್ನೂ ಜೋಡಿಸೋ ಕೆಲಸ ನಮ್ಮ ತಲೆಯೊಳಗೆ ನಡೆಯುತ್ತೆ, ಹಾಗಾಗಿ ಅದು ಪಾಠ ಅನ್ನಿಸೋದಿಲ್ಲ. ಮುಂದೆ ಜ್ವರ, ತುರಿಕೆ, ಹಸಿವು. ವಾಕ್ಯಗಳು ಮುರಿಯುತ್ತಾ ಹೋಗಿ ಕೊನೇ ಪುಟದಲ್ಲಿ ಒಂದೆರಡು ಪದ ಉಳಿಯುತ್ತದೆ. ರೋಗದ ಲಕ್ಷಣಗಳನ್ನು ಯಾರೂ ವಿವರಿಸಬೇಕಿಲ್ಲ, ಬರವಣಿಗೆಯೇ ಹಾಳಾಗುತ್ತಿದೆ. ಇಷ್ಟಾದ ಮೇಲೆ ಅದೇ ಕೋಣೆಯ ಬೀರುವಿನಿಂದ ಜೋಂಬಿಯೊಂದು ಹೊರಬರುತ್ತದೆ. ಯಾರಿರಬಹುದು ಅಂತ ಯೋಚಿಸುವಷ್ಟು ಹೊತ್ತೂ ಸಿಗಲ್ಲ.

ನಾನು ಗೇಮ್‌ಗಳಿಗೆ ಬರೆಯುವವನು. ಇಂಥ ಕಾಗದ ಬರೆಯುವಾಗ ನನ್ನ ಪರೀಕ್ಷೆ ಒಂದೇ: ಇದನ್ನು ಯಾರು, ಯಾರಿಗೆ ಬರೆದರು? ಗಂಡ ಹೆಂಡತಿಗೆ ‘ನಿನಗೆ ಗೊತ್ತಿರುವಂತೆ ನಮ್ಮ ಮಗಳಿಗೆ ಹನ್ನೆರಡು ವರ್ಷ’ ಅಂತ ಬರೆದರೆ ಆ ಸಾಲು ಆಟಗಾರನಿಗಾಗಿ ತುರುಕಿದ್ದು ಅಂತ ತಕ್ಷಣ ಗೊತ್ತಾಗುತ್ತೆ. ‘ಶಾಂತಿಯ ಲಂಗ ಮತ್ತೆ ಗಿಡ್ಡ ಆಗಿರಬೇಕು, ಅಂಚು ಬಿಚ್ಚಿ ಇಳಿಸು’ ಅಂದರೆ ಮಗಳು ಬೆಳೆಯುತ್ತಿದ್ದಾಳೆ, ಅಪ್ಪ ಮನೆಯಲ್ಲಿಲ್ಲ, ದುಡ್ಡಿಗೂ ಬಿಗಿ ಅನ್ನೋದು ಒಟ್ಟಿಗೇ ಬಂತು.

ಒಂದು ಮಿತಿ ಇದೆ. ಎಷ್ಟೋ ಜನ ಕಾಗದ ಓದೋದೇ ಇಲ್ಲ. ಅದಕ್ಕೇ ಮುಂದಿನ ಬಾಗಿಲು ತೆರೆಯಲು ಬೇಕಾದ ಸುಳಿವನ್ನು ಪತ್ರದೊಳಗೆ ಮಾತ್ರ ಬಚ್ಚಿಡಬಾರದು. ಗೋಡೆಯ ಮೇಲೋ ಯಾರದೋ ಬಾಯಲ್ಲೋ ಅದು ಇನ್ನೊಮ್ಮೆ ಸಿಗಬೇಕು. ಡೈರಿಯನ್ನು ಓದದೆ ಸುಮ್ಮನೆ ಪುಟ ತಿರುವಿ ಮುಚ್ಚಿದವನಿಗೂ ಆ ಬೀರುವಿನ ಜೋಂಬಿ ಎದುರಾಗುತ್ತದೆ. ಅವನಿಗೆ ಅದು ಇನ್ನೊಂದು ಜೋಂಬಿ, ಅಷ್ಟೇ.