ಮಂಡಿಚಿಪ್ಪಿನ ಕೆಳಗೊಂದು ಗಂಟು

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹೋದ ವರ್ಷದ ಯೂನಿಫಾರಂ ಪ್ಯಾಂಟು ಪಾದದ ಗೆಣ್ಣಿಗಿಂತ ನಾಲ್ಕು ಬೆರಳು ಮೇಲೇರಿರುತ್ತದೆ. ಅದೇ ತಿಂಗಳಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಖೋ ಖೋ ಅಭ್ಯಾಸವೂ ಆರಂಭವಾಗುತ್ತದೆ. ಬೆಳೆಯುವ ಕಾಲು, ದುಡಿಯುವ ಕಾಲು ಎರಡೂ ಒಂದೇ ಆದಾಗ ಮಂಡಿಯ ಒಂದು ಸಣ್ಣ ಜಾಗ ತಕರಾರು ತೆಗೆಯುತ್ತದೆ.

ಎಂಟನೇ ತರಗತಿಯ, 13 ವರ್ಷದ ಒಬ್ಬ ಹುಡುಗನನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆನ್ನಿಗೆ ‘ಖೋ’ ಬಿದ್ದ ಕೂಡಲೇ ಚಿಮ್ಮಿ ಓಡುವುದು ಅವನ ಆಟ. ಮೊದಲ ವಾರ ಅಭ್ಯಾಸ ಮುಗಿದ ಮೇಲೆ ಮಾತ್ರ ಮಂಡಿ ನೋಯುತ್ತಿತ್ತು. ಮೂರನೇ ವಾರಕ್ಕೆ ಮೆಟ್ಟಿಲು ಇಳಿಯುವಾಗಲೂ ನೋವು. ಮಂಡಿಚಿಪ್ಪಿನಿಂದ ಎರಡು ಬೆರಳು ಕೆಳಗೆ, ಕಾಲಿನ ಮೂಳೆ ಆರಂಭವಾಗುವಲ್ಲಿ ಒಂದು ಗಂಟು ಎದ್ದಿದೆ. ಅದನ್ನು ಬೆರಳಿನಿಂದ ಒತ್ತಿದರೆ ಹುಡುಗ ಕಾಲು ಎಳೆದುಕೊಳ್ಳುತ್ತಾನೆ.

ಈ ಗಂಟಿಗೆ ವೈದ್ಯರು ಇಟ್ಟಿರುವ ಹೆಸರು ಆಸ್ಗುಡ್–ಶ್ಲಾಟರ್. 1903ರಲ್ಲಿ ಬಾಸ್ಟನ್ನಿನ ರಾಬರ್ಟ್ ಆಸ್ಗುಡ್, ಜ್ಯೂರಿಚ್‌ನ ಕಾರ್ಲ್ ಶ್ಲಾಟರ್ ಎಂಬ ಇಬ್ಬರು ಶಸ್ತ್ರವೈದ್ಯರು ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಚೀಟಿಯಲ್ಲಿ ಈ ಹೆಸರಿನ ಮುಂದೆ ‘ಡಿಸೀಸ್’ ಎಂಬ ಪದ ಕಂಡರೆ ಮನೆಯವರ ಎದೆ ಧಸಕ್ ಎನ್ನುತ್ತದೆ. ಆದರೆ ಇದು ಸೋಂಕಲ್ಲ, ವಾತವಲ್ಲ, ಗಡ್ಡೆಯೂ ಅಲ್ಲ.

ಆಗಿರುವುದು ಇಷ್ಟು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ಹಿಡಿದುಕೊಂಡು ಕೆಳಗಿಳಿದು, ಗಟ್ಟಿ ಪಟ್ಟಿಯಂಥ ರಜ್ಜುವಾಗಿ ಕಾಲಿನ ಮೂಳೆಗೆ ಅಂಟಿಕೊಳ್ಳುತ್ತದೆ. ದೊಡ್ಡವರಲ್ಲಿ ಆ ಅಂಟಿನ ಜಾಗ ಪೂರ್ತಿ ಮೂಳೆ. ಬೆಳೆಯುವ ಮಕ್ಕಳಲ್ಲಿ ಅಲ್ಲಿ ಇನ್ನೂ ಮೃದ್ವಸ್ಥಿಯ ಪದರವಿರುತ್ತದೆ, ಅಂದರೆ ಕಿವಿಯ ಹಾಲೆಗಿಂತ ಮೇಲಿನ ಭಾಗದಂತೆ ಬಾಗುವ ವಸ್ತು. ಹುಡುಗ ಚಿಮ್ಮಿದಾಗ, ಓಡುತ್ತಾ ಗಕ್ಕನೆ ನಿಂತಾಗ ಆ ಪಟ್ಟಿ ಈ ಮೆದು ಜಾಗವನ್ನು ಜಗ್ಗುತ್ತದೆ. ವೇಗವಾಗಿ ಎತ್ತರ ಏರುವ ವರ್ಷದಲ್ಲಿ ಮೂಳೆ ಉದ್ದವಾದಷ್ಟು ಬೇಗ ಸ್ನಾಯು ಸಡಿಲಗೊಳ್ಳುವುದಿಲ್ಲ, ಎಳೆತ ಇನ್ನೂ ಬಿಗಿಯಾಗುತ್ತದೆ. ಸಾವಿರಾರು ಸಲ ಜಗ್ಗಿಸಿಕೊಂಡ ಜಾಗ ಊದಿಕೊಳ್ಳುತ್ತದೆ, ಅಲ್ಲಿ ಹೊಸ ಮೂಳೆ ಕೂಡುತ್ತದೆ. ಗಂಟು ಹುಟ್ಟುವುದು ಹೀಗೆ. ಹುಡುಗರಲ್ಲಿ ಸಾಮಾನ್ಯವಾಗಿ 12ರಿಂದ 15 ವರ್ಷದೊಳಗೆ, ಹುಡುಗಿಯರಲ್ಲಿ ಅದಕ್ಕಿಂತ ಒಂದೆರಡು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಎರಡೂ ಕಾಲಿಗೆ ಬರುವುದುಂಟು.

ಇನ್ನು ಹುಡುಗ ಆಡಬೇಕೋ, ಬಿಡಬೇಕೋ? ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಅಜ್ಜಿ ‘ಆಟವೇ ಬೇಡ’ ಅನ್ನುತ್ತಾರೆ. ಮೈದಾನದಲ್ಲಿ ‘ಆಡಾಡ್ತಾ ಸರಿಹೋಗುತ್ತೆ’ ಅನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ತಿಂಗಳುಗಟ್ಟಲೆ ಸುಮ್ಮನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಆಟಕ್ಕೆ ಮರಳಿದ ದಿನವೇ ನೋವೂ ಮರಳುತ್ತದೆ. ನೋವನ್ನು ನುಂಗಿಕೊಂಡು ಆಡಿದರೆ ಮೆದು ಜಾಗಕ್ಕೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಮಾಡಬೇಕಾದದ್ದು ಎಳೆತವನ್ನು ಅಳೆದು ಕೊಡುವುದು.

ಅಳತೆಗೆ ಹುಡುಗನ ನೋವೇ ಸಾಕು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ ನೋವು. ಎರಡರವರೆಗೆ ಇದ್ದರೆ ಆ ಚಟುವಟಿಕೆ ಮುಂದುವರಿಯಬಹುದು. ಮೂರರಿಂದ ಐದು ಎಂದರೆ ಅಲ್ಲಿಗೆ ನಿಲ್ಲಬೇಕು, ಹೆಚ್ಚಿಸಬಾರದು. ಐದು ದಾಟಿದರೆ ಅದನ್ನು ಕೈಬಿಟ್ಟು ಇನ್ನೂ ಹಗುರವಾದದ್ದಕ್ಕೆ ಇಳಿಯಬೇಕು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನೋವು ಹಿಂದಿನ ದಿನಕ್ಕಿಂತ ಜಾಸ್ತಿಯಿದ್ದರೆ ನಿನ್ನೆ ಅಳತೆ ತಪ್ಪಿದೆ ಎಂದೇ ಅರ್ಥ.

ಈ ಲೆಕ್ಕವನ್ನು ನಮ್ಮ ಖೋ ಖೋ ಹುಡುಗನಿಗೆ ಹಚ್ಚಿ ನೋಡೋಣ. ಮೊದಲ ನಾಲ್ಕು ವಾರ ಚೌಕದಲ್ಲಿ ಕೂರುವುದು, ಕಂಬದ ಬಳಿ ನೆಲಕ್ಕೆ ಹಾರುವುದು, ವೇಗದ ಓಟ ಎಲ್ಲ ಬಂದ್. ನಡಿಗೆ, ಈಜು, ಸೀಟು ಎತ್ತರಿಸಿದ ಸೈಕಲ್ ನಡೆಯುತ್ತವೆ. ಸೀಟು ತಗ್ಗಿದ್ದರೆ ಮಂಡಿ ಹೆಚ್ಚು ಮಡಚಿಕೊಂಡು ಎಳೆತ ಏರುತ್ತದೆ. ಮನೆಯಲ್ಲಿ ಕಾಲು ಚಾಚಿ ಕೂತು, ಸುತ್ತಿದ ಟವಲನ್ನು ಮಂಡಿಯ ಕೆಳಗಿಟ್ಟು, ತೊಡೆ ಬಿಗಿದು ಅದನ್ನು ಅದುಮಿ ಹಿಡಿಯುವ ವ್ಯಾಯಾಮ ದಿನವೂ ಇರಲಿ. ಐದನೇ ವಾರದಿಂದ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಒಂದು ಕಾಲು ಮುಂದಿಟ್ಟು ಬಾಗುವುದು ಸೇರುತ್ತವೆ. ಜೊತೆಗೆ ನಿಧಾನದ ಓಟ. ಅದು ಹಿತವಾಗಿ ನಡೆದರೆ ವೇಗದ ನೇರ ಓಟ, ಆಮೇಲೆ ತಿರುವು, ಅದಾದ ಮೇಲೆ ಚೌಕದಿಂದ ಐದಾರು ಸಲ ಎದ್ದೋಡುವುದು. ಕಂಬದ ಹಾರಾಟ ಎಲ್ಲಕ್ಕಿಂತ ಕೊನೆಗೆ. ಒಂದು ಮೆಟ್ಟಿಲಲ್ಲಿ ನೋವು ಎರಡು ದಾಟಿದರೆ ಅಲ್ಲೇ ಕೆಲವು ದಿನ ಉಳಿಯಬೇಕು. ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಮಾಡಿ ತೋರಿಸಿಕೊಂಡರೆ ತಪ್ಪು ಭಂಗಿ ಅಲ್ಲೇ ಸರಿಯಾಗುತ್ತದೆ.

ಮೈದಾನದ ಹೊರಗಿನ ಎಳೆತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತರಗತಿಯಲ್ಲಿ ಬಸ್ಕಿ ಹೊಡೆಸುವುದು, ಮಂಡಿಯೂರಿ ನಿಲ್ಲಿಸುವುದು, ಪ್ರಾರ್ಥನೆಯ ಹೊತ್ತಿನ ವಜ್ರಾಸನ ಎಲ್ಲವೂ ಇದೇ ಜಾಗವನ್ನು ಜಗ್ಗುತ್ತವೆ, ಇಲ್ಲವೇ ನೆಲಕ್ಕೆ ಒತ್ತುತ್ತವೆ. ಪಿ.ಟಿ. ಮಾಸ್ತರಿಗೂ ತರಗತಿಯ ಮೇಷ್ಟರಿಗೂ ತಂದೆತಾಯಿ ಒಂದು ಮಾತು ತಿಳಿಸಿದರೆ ಅಷ್ಟು ಹೊರೆ ಇಳಿದಂತೆ. ಗಂಟನ್ನು ಎಣ್ಣೆ ಹಚ್ಚಿ ಬಲವಾಗಿ ನೀವುವುದೂ ಬೇಡ, ಊದಿದ ಜಾಗಕ್ಕೆ ಒತ್ತಡ ಹಿತವಲ್ಲ. ಅಭ್ಯಾಸದ ನಂತರ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಮಾತ್ರ ಆತುರಪಡಬಾರದು. ಅದು ರಜ್ಜುವನ್ನು, ಮೇಲಿನ ಚರ್ಮವನ್ನು ದುರ್ಬಲಗೊಳಿಸಬಹುದು.

ಹೆಚ್ಚಿನ ಸಲ ವೈದ್ಯರು ಮುಟ್ಟಿ ನೋಡಿಯೇ ಇದನ್ನು ಗುರುತಿಸುತ್ತಾರೆ, ಎಕ್ಸ್‌ರೇ ಎಲ್ಲರಿಗೂ ಬೇಕಿಲ್ಲ. ಆದರೆ ಹಾರುವಾಗ ‘ಟಪ್’ ಎಂದು ಸದ್ದಾಗಿ ಕಾಲು ನೇರ ಮಾಡಲಾಗದಿದ್ದರೆ ಮೂಳೆಯ ತುಣುಕು ಕಿತ್ತುಬಂದಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಇಡೀ ಮಂಡಿಯ ಊತ, ಆಡದೆ ಇದ್ದರೂ ಏರುತ್ತಲೇ ಹೋಗುವ ಗಂಟು, ಇವು ಆಸ್ಗುಡ್–ಶ್ಲಾಟರ್‌ನ ಲಕ್ಷಣವಲ್ಲ. ಗಂಟಿಲ್ಲದೆ ಬರೀ ಮಂಡಿ ನೋವು, ಜೊತೆಗೆ ಕುಂಟು ನಡಿಗೆ ಇದ್ದರೆ ಸೊಂಟದ ಕೀಲನ್ನೂ ಪರೀಕ್ಷಿಸಬೇಕು. ಈ ವಯಸ್ಸಿನಲ್ಲಿ ಸೊಂಟದ ತೊಂದರೆ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುವುದುಂಟು.

ತಾಳ್ಮೆ ಎಷ್ಟು ಬೇಕು ಎಂಬುದನ್ನು ಡೆನ್ಮಾರ್ಕ್‌ನ ಒಂದು ಅಧ್ಯಯನ ತೋರಿಸಿದೆ. 10ರಿಂದ 14 ವರ್ಷದ 51 ಮಕ್ಕಳಿಗೆ ಅಲ್ಲಿನ ಸಂಶೋಧಕರು ಹೀಗೇ ಮೆಟ್ಟಿಲುಮೆಟ್ಟಿಲಾಗಿ ಚಟುವಟಿಕೆ ಹೊಂದಿಸಿ ವ್ಯಾಯಾಮ ಕೊಟ್ಟರು. 12 ವಾರದಲ್ಲಿ ಹೆಚ್ಚಿನವರು ಸುಧಾರಿಸಿದ್ದೇವೆ ಎಂದರು, ಆದರೆ ಆಟಕ್ಕೆ ಮರಳಿದ್ದವರು ಕೆಲವರೇ. ವರ್ಷದ ಕೊನೆಗೆ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಮೈದಾನದಲ್ಲಿದ್ದರು.

ಹಾಗಾಗಿ ಜುಲೈನ ಹೋಬಳಿ ಕ್ರೀಡಾಕೂಟ ಈ ಹುಡುಗನ ಕೈತಪ್ಪಬಹುದು. ಬರುವ ವರ್ಷದ್ದಕ್ಕೆ ಅವನು ಸಿದ್ಧನಿರುವ ಸಾಧ್ಯತೆ ಹೆಚ್ಚು. ಮೆದು ಜಾಗ ಗಟ್ಟಿ ಮೂಳೆಯಾದ ಮೇಲೆ ನೋವು ಬಹುತೇಕರಿಗೆ ನಿಲ್ಲುತ್ತದೆ, ಉಬ್ಬು ಮಾತ್ರ ಉಳಿದುಬಿಡಬಹುದು. ದೊಡ್ಡವನಾದ ಮೇಲೆ ಬರಿಯ ನೆಲಕ್ಕೆ ಮಂಡಿಯೂರಿದಾಗ ಅದು ಚುಚ್ಚಿದಂತಾದರೆ ಕೆಳಗೊಂದು ಮಡಚಿದ ಟವಲ್ ಹಾಕಿಕೊಂಡರಾಯಿತು.