ಕ್ರಮ ತಪ್ಪಿದ ಸಾಲಿನಲ್ಲಿ ಎಷ್ಟನ್ನು ಸರಿಪಡಿಸಿದರೆ ಸಾಕು?

ಉತ್ತರಪತ್ರಿಕೆಗಳ ಕಟ್ಟೊಂದನ್ನು ನೋಂದಣಿ ಸಂಖ್ಯೆಯ ಏರಿಕೆ ಕ್ರಮದಲ್ಲಿ ಜೋಡಿಸಿಡಲಾಗಿತ್ತು ಎಂದು ಭಾವಿಸೋಣ. ಯಾರದೋ ಕೈತಪ್ಪಿನಿಂದ ನಡುವಿನ ಕೆಲವು ಪತ್ರಿಕೆಗಳು ಅದಲುಬದಲಾಗಿವೆ. ಇಡೀ ಕಟ್ಟನ್ನು ಬಿಚ್ಚಿ ಮೊದಲಿನಿಂದ ಜೋಡಿಸಬಹುದು, ನಿಜ. ಆದರೆ ಮೇಲೆ ಒಂದಷ್ಟು, ಕೆಳಗೆ ಒಂದಷ್ಟು ಪತ್ರಿಕೆಗಳು ಸ್ವಸ್ಥಾನದಲ್ಲಿಯೇ ಇರುವಾಗ ಅವುಗಳನ್ನು ಮುಟ್ಟುವುದೇಕೆ? ನಡುವಿನ ಒಂದೇ ಒಂದು ತುಂಡನ್ನು ಹೊರತೆಗೆದು, ಜೋಡಿಸಿ, ಅಲ್ಲಿಯೇ ಮರಳಿ ಇಟ್ಟರೆ ಇಡೀ ಕಟ್ಟು ಸರಿಯಾಗಬೇಕು. ಅಂತಹ ತುಂಡುಗಳಲ್ಲಿ ಅತಿ ಚಿಕ್ಕದು ಯಾವುದು?

ಗಣಕ ವಿಜ್ಞಾನದಲ್ಲಿ ಇದು ಪರಿಚಿತ ಸಮಸ್ಯೆ. ಪ್ರೋಗ್ರಾಮಿಂಗ್ ಅಭ್ಯಾಸದ ತಾಣವಾದ ಲೀಟ್‌ಕೋಡ್‌ನಲ್ಲಿ ಇದು 581ನೆಯ ಪ್ರಶ್ನೆ. ನೋಡಲು ಸರಳವೆನಿಸುತ್ತದೆ, ಆ ಸರಳತೆಯಲ್ಲಿಯೇ ಬಲೆ ಇದೆ.

ಕಟ್ಟಿನಲ್ಲಿ ಒಂಬತ್ತು ಪತ್ರಿಕೆಗಳು ಹೀಗಿವೆ ಎನ್ನೋಣ: 3, 7, 9, 12, 10, 5, 14, 13, 20. ಎಡದಿಂದ ಓದುತ್ತ ಹೋದರೆ ಮೊದಲ ಇಳಿಕೆ ಕಾಣುವುದು 12ರಿಂದ 10ಕ್ಕೆ, ಕೊನೆಯ ಇಳಿಕೆ 14ರಿಂದ 13ಕ್ಕೆ. ಹಾಗಾದರೆ 12ರಿಂದ 13ರವರೆಗಿನ ಐದು ಪತ್ರಿಕೆಗಳನ್ನು ಜೋಡಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ತೋರುತ್ತದೆ. ಜೋಡಿಸಿ ನೋಡಿದರೆ ಸಿಗುವ ಸಾಲು: 3, 7, 9, 5, 10, 12, 13, 14, 20. 5 ಈಗಲೂ 9ರ ನಂತರ ಕುಳಿತಿದೆ.

ಇದರ ಪರಿಣಾಮ ಚಿಕ್ಕದಲ್ಲ. ಕ್ರಮಬದ್ಧ ಎಂದು ನಂಬಿದ ಸಾಲಿನಲ್ಲಿ ಗಣಕವು ಒಂದೊಂದನ್ನೇ ನೋಡುತ್ತ ಹೋಗುವುದಿಲ್ಲ. ನಡುವಿನದನ್ನು ನೋಡಿ ಅರ್ಧ ಸಾಲನ್ನು ಕೈಬಿಡುತ್ತದೆ. 5ನ್ನು ಹುಡುಕುವಾಗ ಅದಕ್ಕೆ ಮೊದಲು ಸಿಗುವುದು ನಡುವಿನ 10. ಬೇಕಾದದ್ದು ಅದಕ್ಕಿಂತ ಚಿಕ್ಕದು, ಆದ್ದರಿಂದ ಎಡಕ್ಕೆ ಹೋಗುತ್ತದೆ. ಅಲ್ಲಿ 7 ಸಿಗುತ್ತದೆ. ಇನ್ನೂ ಎಡಕ್ಕೆ ಹೋದರೆ 3 ಮಾತ್ರ. "5 ಇಲ್ಲ" ಎಂಬ ಉತ್ತರ ಬರುತ್ತದೆ. ಪತ್ರಿಕೆ ಕಟ್ಟಿನಲ್ಲಿಯೇ ಇದ್ದರೂ ಆ ವಿದ್ಯಾರ್ಥಿ ಗೈರುಹಾಜರು!

ತಪ್ಪಿರುವುದು ಎಲ್ಲಿ? ಇಳಿಕೆ ಎಂಬುದು ಅಕ್ಕಪಕ್ಕದ ಎರಡು ಸಂಖ್ಯೆಗಳ ಸಂಗತಿ. ಒಂದು ಸಂಖ್ಯೆ ಸ್ವಸ್ಥಾನದಲ್ಲಿದೆಯೇ ಎಂಬುದನ್ನು ಮಾತ್ರ ಇಡೀ ಸಾಲು ನಿರ್ಧರಿಸುತ್ತದೆ. ತನ್ನ ಎಡಗಡೆ ಎಲ್ಲಿಯಾದರೂ ತನಗಿಂತ ದೊಡ್ಡದಿದ್ದರೆ, ಇಲ್ಲವೇ ಬಲಗಡೆ ಎಲ್ಲಿಯಾದರೂ ತನಗಿಂತ ಚಿಕ್ಕದಿದ್ದರೆ, ಆ ಸಂಖ್ಯೆ ತುಂಡಿನೊಳಗೆ ಬರಲೇಬೇಕು. 7 ಮತ್ತು 9 ತಮ್ಮ ನೆರೆಯವರೊಂದಿಗೆ ಸರಿಯಾಗಿಯೇ ಇದ್ದರೂ ದೂರದ 5 ಅವುಗಳನ್ನು ಒಳಗೆಳೆಯುತ್ತದೆ.

ಆದ್ದರಿಂದ ಸಾಲನ್ನು ಎರಡು ಬಾರಿ ಓದಿದರೆ ಸಾಕು. ಎಡದಿಂದ ಬಲಕ್ಕೆ ಹೋಗುವಾಗ ಅದುವರೆಗೆ ಕಂಡ ಅತಿ ದೊಡ್ಡ ಸಂಖ್ಯೆಯನ್ನು ನೆನಪಿಡಬೇಕು. ಅದಕ್ಕಿಂತ ಚಿಕ್ಕದು ಎದುರಾದಾಗಲೆಲ್ಲ ಆ ಸ್ಥಾನವನ್ನು ಗುರುತಿಸಬೇಕು. ನಮ್ಮ ಸಾಲಿನಲ್ಲಿ 12 ಕಂಡ ಮೇಲೆ 10 ಮತ್ತು 5, 14 ಕಂಡ ಮೇಲೆ 13 ಹೀಗೆ ಸಿಕ್ಕುತ್ತವೆ. ಕೊನೆಯ ಗುರುತು 8ನೆಯ ಸ್ಥಾನ. ಅದೇ ತುಂಡಿನ ಬಲಗಡಿ. ನಂತರ ಬಲದಿಂದ ಎಡಕ್ಕೆ ಬರುತ್ತ ಅತಿ ಚಿಕ್ಕದನ್ನು ನೆನಪಿಟ್ಟು, ಅದಕ್ಕಿಂತ ದೊಡ್ಡದನ್ನು ಗುರುತಿಸಬೇಕು. 13ರ ನಂತರ 14 ಸಿಕ್ಕುತ್ತದೆ. 5 ಕಂಡ ಮೇಲೆ 10, 12, 9, 7 ಸಾಲಾಗಿ ಸಿಕ್ಕುತ್ತವೆ. ಕೊನೆಯ ಗುರುತು 2ನೆಯ ಸ್ಥಾನ. ಉತ್ತರ 2ರಿಂದ 8, ಒಟ್ಟು ಏಳು ಪತ್ರಿಕೆಗಳು. ಮುಟ್ಟದೆ ಉಳಿಯುವುದು 3 ಮತ್ತು 20 ಮಾತ್ರ. ಒಂದು ಗುರುತೂ ಬೀಳದಿದ್ದರೆ ಸಾಲು ಮೊದಲೇ ಸರಿಯಾಗಿತ್ತು ಎಂದರ್ಥ, ಉತ್ತರ ಸೊನ್ನೆ. ಸಮನಾದ ಸಂಖ್ಯೆಗಳನ್ನು ಗುರುತಿಸಕೂಡದು. ಗುರುತಿಸಿದರೆ 1, 2, 2, 3 ಎಂಬ ನಿರಪರಾಧಿ ಸಾಲೂ ತಪ್ಪೆನಿಸುತ್ತದೆ.

ಇಡೀ ಸಾಲಿನ ಪ್ರತಿಯೊಂದನ್ನು ಜೋಡಿಸಿ, ಮೂಲದೊಂದಿಗೆ ಎರಡೂ ತುದಿಗಳಿಂದ ಹೋಲಿಸುವ ಮಾರ್ಗವೂ ಉಂಟು. ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ 10 ಲಕ್ಷ ಸಂಖ್ಯೆಗಳಿದ್ದರೆ ಜೋಡಣೆಗೇ ಸುಮಾರು 2 ಕೋಟಿ ಹೋಲಿಕೆಗಳು ಬೇಕಾಗಬಹುದು. ಎರಡು ಓದಿನ ಕ್ರಮಕ್ಕೆ 20 ಲಕ್ಷ ಸಾಕು.

ಒಂದು ಮಿತಿಯನ್ನು ಮಾತ್ರ ಹೇಳಲೇಬೇಕು. ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯ ಪತ್ರಿಕೆಯೊಂದು ಕಟ್ಟಿನ ತಳ ಸೇರಿದ್ದರೆ ಈ ಲೆಕ್ಕ ಇಡೀ ಕಟ್ಟನ್ನೇ ತೋರಿಸುತ್ತದೆ. ಕೈಯಲ್ಲಿ ಜೋಡಿಸುವವರು ಅದೊಂದನ್ನೇ ಎತ್ತಿ ಮೇಲಿಟ್ಟು ಸುಮ್ಮನಾಗುತ್ತಾರೆ. ಚಿಕ್ಕ ತುಂಡು ಎಂದರೆ ಕಡಿಮೆ ಕೆಲಸ ಎಂದೇನಲ್ಲ.

ಇದೇ ಯೋಚನೆ ನಿತ್ಯ ಬಳಕೆಯ ತಂತ್ರಾಂಶದಲ್ಲಿಯೂ ಇದೆ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಭಾಷೆಗಾಗಿ ರೂಪಿಸಿದ ಟಿಮ್‌ಸಾರ್ಟ್, ಏರಿಕೆಯಲ್ಲಿರುವ ಎರಡು ಪಕ್ಕದ ಸಾಲುಗಳನ್ನು ಬೆಸೆಯುವ ಮುನ್ನ ತುದಿಗಳನ್ನು ಬದಿಗಿಡುತ್ತದೆ. 3, 7, 9, 12 ಒಂದು ಸಾಲು, 5, 10, 14, 20 ಇನ್ನೊಂದು ಎನ್ನೋಣ. ಎರಡನೆಯದರ ಮೊದಲ ಸಂಖ್ಯೆ 5 ಬೀಳುವುದು 3ರ ನಂತರ. ಮೊದಲನೆಯದರ ಕೊನೆಯ ಸಂಖ್ಯೆ 12 ಬೀಳುವುದು 14ರ ಮುನ್ನ. ಹೀಗಾಗಿ 3, 14 ಮತ್ತು 20 ಇದ್ದಲ್ಲಿಯೇ ಇರುತ್ತವೆ, ಬೆಸುಗೆ ನಡೆಯುವುದು ಉಳಿದ ಐದು ಸಂಖ್ಯೆಗಳ ನಡುವೆ ಮಾತ್ರ.