ಮದುವೆ ಫೋಟೋ ಯಾರ ಸೊತ್ತು?

ಉದಗೀರದಲ್ಲಿ ನಮ್ಮ ಮಗಳ ಮದುವೆಯಾಗಿ ಆರು ತಿಂಗಳಾಗಿತ್ತು. ನಿಲಂಗಾದ ಬೀಗರು ಮೊಬೈಲ್ ಹಿಡಿದು ಬಂದರು. ಫೋಟೋ ತೆಗೆದವರ ಮಾದರಿ ಪುಟದಲ್ಲಿ, ಎಲ್ಲಕ್ಕೂ ಮೇಲೆ, ಮಗಳು ಬೀಳ್ಕೊಡುವಾಗ ಅಳುತ್ತಿದ್ದ ಚಿತ್ರ! "ಅಪ್ಪಾ, ನಾ ಅತ್ತದ್ದು ಊರಿಗೆಲ್ಲಾ ಕಾಣಬೇಕೇನು?" ಎಂದಳು ಮಗಳು.

ಫೋನು ಮಾಡಿದಾಗ ಅವರು, "ಫೋಟೋ ತೆಗೆದಾವ್ರು ನಾವು, ಹಕ್ಕ ನಮ್ದೇ ಅದರಿ ಕಾಕಾ" ಎಂದರು. ನಾವೂ ಹಾಗೆಯೇ ನಂಬಿದ್ದೆವು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಬೇರೆಯೇ ಹೇಳುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ನಮ್ಮಲ್ಲಿ ಫೋಟೋದವರನ್ನು ಗೊತ್ತುಮಾಡಿ ಹಣ ಕೊಟ್ಟವರು ಮನೆಯ ಹಿರಿಯರು. ಆದ್ದರಿಂದ ಪತ್ರಕ್ಕೆ ಮದುಮಕ್ಕಳ ಜೊತೆಗೆ ಅವರ ಸಹಿಯೂ ಬೇಕಾಯಿತು. ಇದನ್ನು ಹಲವರು ಮರೆಯುತ್ತಾರೆ.

ಆಮೇಲೆ ರಸೀದಿ ತಿರುವಿದೆವು. ಹಿಂದೆ ಸಣ್ಣ ಅಕ್ಷರದಲ್ಲಿ, "ಚಿತ್ರಗಳನ್ನು ಜಾಹೀರಾತಿಗೆ ಬಳಸಬಹುದು" ಎಂದಿತ್ತು. ಕೆಳಗೆ ನಮ್ಮ ಸಹಿ ಇರಲಿಲ್ಲ. ಬಳಕೆಗೆ ಅನುಮತಿಯನ್ನು ಮಾಲೀಕರು ಬರಹದಲ್ಲಿ ಕೊಡಬೇಕೆಂದು 30ನೇ ಕಲಂ ಹೇಳುತ್ತದೆ. ಅಂಗಡಿಯವರು ತಾವೇ ಅಚ್ಚು ಹಾಕಿಸಿದ ಸಾಲು ನಾವು ಕೊಟ್ಟ ಅನುಮತಿಯಾಗದು ಎಂಬುದೇ ನಮ್ಮ ವಾದ. ಸಹಿ ಹಾಕಿದ್ದರೆ ಮಾತು ಬೇರೆ. ಆಗಲೂ ಅನುಮತಿಯ ಅವಧಿ ಬರೆದಿಲ್ಲವಾದರೆ ಅದನ್ನು ಐದು ವರ್ಷವೆಂದೇ ಎಣಿಸಬೇಕು. ಆದರೆ "ಕೃತಿಸ್ವಾಮ್ಯ ಸ್ಟುಡಿಯೋದ್ದೇ" ಎಂದು ಸಹಿ ಮಾಡಿದ್ದರೆ ಈ ದಾರಿ ಬಹುಮಟ್ಟಿಗೆ ಮುಚ್ಚಿದಂತೆ.

ಮೊದಲು ಪುಟದ ವಿಳಾಸ, ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟೆವು. ಜಗಳದ ನಂತರ ಅಳಿಸಿಬಿಟ್ಟರೆ ಸಾಕ್ಷಿ ಉಳಿಯದು. ನಂತರ ರಸೀದಿಯ ನಕಲು ಲಗತ್ತಿಸಿ, ಒಂದೊಂದು ಚಿತ್ರದ ವಿಳಾಸ ಬರೆದು, ಏಳು ದಿನದಲ್ಲಿ ಪುಟ, ಫೇಸ್‌ಬುಕ್, ಅಂಗಡಿಯ ಮಾದರಿ ಆಲ್ಬಮ್ ಎಲ್ಲದರಿಂದ ತೆಗೆಯಿರೆಂದು ರಿಜಿಸ್ಟರ್ಡ್ ಅಂಚೆ ಕಳಿಸಿದೆವು. ಬೈಗುಳ ಬರೆಯಲಿಲ್ಲ, ಬರೆಯುವ ಆಸೆ ಇತ್ತು.

ಐದನೇ ದಿನ ಚಿತ್ರ ಹೋಯಿತು. ಹೋಗದಿದ್ದರೆ ಆ ಜಾಲತಾಣವನ್ನು ನಡೆಸುವ ಕಂಪನಿಯ ದೂರು ಅಧಿಕಾರಿಗೆ ಬರೆಯುವವರಿದ್ದೆವು. 2013ರ ಕೃತಿಸ್ವಾಮ್ಯ ನಿಯಮದ ಪ್ರಕಾರ ಸರಿಯಾದ ದೂರು ಬಂದರೆ ಕಂಪನಿ 36 ಗಂಟೆಯೊಳಗೆ ಚಿತ್ರ ತಡೆಯಬೇಕು; ಆದರೆ ಆ ತಡೆ 21 ದಿನ ಮಾತ್ರ, ಅಷ್ಟರೊಳಗೆ ನಾವು ಕೋರ್ಟಿನ ಆದೇಶ ತರಬೇಕು. ಪುಟದಿಂದ ಹೋದ ಮೇಲೂ ಗೂಗಲ್ ಹುಡುಕಾಟದಲ್ಲಿ ಚಿಕ್ಕ ಚಿತ್ರ ಕೆಲದಿನ ಕಂಡಿತು. ಹಳೆಯ ವಿಷಯ ತೆಗೆಸಲು ಗೂಗಲ್‌ನಲ್ಲೇ ಒಂದು ಪುಟವಿದೆ, ಅಲ್ಲಿ ಆ ವಿಳಾಸ ಹಾಕಿದೆವು.

ಉಮರ್ಗಾದಲ್ಲಿ ಮೈದುನನ ಮದುವೆ ಬಂದಾಗ ಮುಂಗಡ ಕೊಡುವ ಮುಂಚೆಯೇ ರಸೀದಿಯ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ನಿನಿಂದ ಬರೆದೆವು: "ನಾವು ಆರಿಸಿ ಕೊಟ್ಟ ಐದು ಚಿತ್ರ ಮಾತ್ರ, ಒಂದು ವರ್ಷ, ಹೆಸರಿಲ್ಲದೆ, ಬೇಡವೆಂದರೆ ಏಳು ದಿನದಲ್ಲಿ ತೆಗೆಯಬೇಕು." ಇಬ್ಬರೂ ಸಹಿ ಮಾಡಿದೆವು. ಫೋಟೋದವರು ನಕ್ಕರು, ಆದರೆ ಒಪ್ಪಿದರು.